ನಾಯಿ ಕಚ್ಚಿದ ಮೇಲಿನ ಮೊದಲ ಏಳು ದಿನ

ರೇಬಿಸ್ ವೈರಸ್ ಇರುವುದು ರೋಗ ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ. ಕಚ್ಚಿದಾಗ ಅದು ಹಲ್ಲಿನ ಮೂಲಕ ಚರ್ಮದ ಅಡಿಗೆ ಇಳಿಯುತ್ತದೆ. ಪಂಜ ನೆಕ್ಕುವ ಪ್ರಾಣಿಯ ಉಗುರಿಗೂ ಜೊಲ್ಲು ಅಂಟಿರುವುದರಿಂದ ಪರಚಿದ ಗಾಯವೂ ಕಚ್ಚಿದ ಗಾಯದಷ್ಟೇ ಲೆಕ್ಕಕ್ಕೆ ಬರುತ್ತದೆ. ಒಳಗೆ ಸೇರಿದ ವೈರಸ್ ರಕ್ತದಲ್ಲಿ ಹರಡುವುದಿಲ್ಲ. ಗಾಯದ ಸುತ್ತಲಿನ ಸ್ನಾಯುವಿನಲ್ಲಿ ಕೆಲವು ಕಾಲ ಉಳಿದು, ಅಲ್ಲಿರುವ ನರದ ತುದಿಯನ್ನು ಹಿಡಿದು, ನರದ ಒಳಗೊಳಗೇ ಮಿದುಳಿನತ್ತ ಸಾಗುತ್ತದೆ. ಅದರ ನಡಿಗೆ ನಿಧಾನ, ದಿನಕ್ಕೆ ಒಂದರಿಂದ ಹತ್ತು ಸೆಂಟಿಮೀಟರಿನೊಳಗೆ. ಹೀಗಾಗಿಯೇ ಕಚ್ಚಿದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅಂತರ ಇರುತ್ತದೆ. ಕೆಲವರಲ್ಲಿ ಒಂದು ವಾರದಲ್ಲೇ ಬಂದದ್ದುಂಟು, ವರ್ಷ ಕಳೆದ ಮೇಲೆ ಬಂದದ್ದೂ ಉಂಟು. ಮುಖ, ಕುತ್ತಿಗೆ, ತಲೆಗೆ ಕಚ್ಚಿದ್ದರೆ ದಾರಿ ಚಿಕ್ಕದು. ಕೈಬೆರಳಲ್ಲಿ ನರದ ತುದಿಗಳು ಒತ್ತಾಗಿರುವುದರಿಂದ ಅಲ್ಲಿಯೂ ಅಪಾಯ ಹೆಚ್ಚು.

ನೀರು ಕಂಡರೆ, ಗಾಳಿ ಬೀಸಿದರೆ ಗಂಟಲು ಬಿಗಿಯುವ ಲಕ್ಷಣ ಶುರುವಾಯಿತೆಂದರೆ ವೈರಸ್ ಮಿದುಳು ಮುಟ್ಟಿದೆ ಎಂದರ್ಥ. ಆಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಮಾಡಬೇಕಾದ್ದೆಲ್ಲ ಅದಕ್ಕೆ ಮೊದಲೇ, ವೈರಸ್ ಇನ್ನೂ ಗಾಯದ ಬಳಿ ಇರುವಾಗಲೇ ಆಗಬೇಕು. ಆ ಚಿಕಿತ್ಸೆಯಲ್ಲಿ ಮೂರು ಭಾಗಗಳಿವೆ: ಸೋಪಿನಿಂದ ತೊಳೆಯುವುದು, ಗಾಯದೊಳಗೆ ಸೀರಮ್ ಕೊಡುವುದು, ಲಸಿಕೆ ಹಾಕಿಸುವುದು. ಜನರ ಬಾಯಲ್ಲಿ ಇವೆಲ್ಲ ಸೇರಿ ‘ನಾಯಿ ಕಚ್ಚಿದ ಇಂಜೆಕ್ಷನ್’ ಆಗಿಬಿಟ್ಟಿವೆ. ಆದರೆ ಮೂರರ ಕೆಲಸವೂ ಬೇರೆ ಬೇರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೆಚ್ಚು ಮಾಡಿದರೆ ಸರಿಹೋಗುವುದಿಲ್ಲ. ಹೆಚ್ಚಾಗಿ ತಪ್ಪಿಹೋಗುವುದು ನಡುವಿನದು, ಸೀರಮ್.

ಮೊದಲ ಕೆಲಸ ಆಸ್ಪತ್ರೆಯದಲ್ಲ, ಮನೆಯ ನಲ್ಲಿಯದು. ರೇಬಿಸ್ ವೈರಸ್ಸಿನ ಹೊರಹೊದಿಕೆ ಕೊಬ್ಬಿನಿಂದಾದದ್ದು. ಸೋಪು ಆ ಹೊದಿಕೆಯನ್ನು ಒಡೆದುಹಾಕುತ್ತದೆ, ಒಡೆದ ವೈರಸ್ ಮತ್ತೆ ಕೆಲಸಕ್ಕೆ ಬಾರದು. ಹರಿಯುವ ನೀರಿನಲ್ಲಿ, ಸೋಪು ಹಚ್ಚುತ್ತ, ಪ್ರತಿಯೊಂದು ಗಾಯವನ್ನೂ ಒಟ್ಟು 15 ನಿಮಿಷ ತೊಳೆಯಬೇಕು. ಗಡಿಯಾರ ನೋಡದಿದ್ದರೆ ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಆದ್ದರಿಂದ ಗಡಿಯಾರ ನೋಡಿಯೇ ತೊಳೆಯುವುದು ಒಳ್ಳೆಯದು. ಮೈಸೋಪು, ಬಟ್ಟೆಸೋಪು ಯಾವುದಾದರೂ ಆಗುತ್ತದೆ. ನಲ್ಲಿ ಇಲ್ಲದ ಕಡೆ ಚೊಂಬಿನಿಂದ ಸುರಿದರೂ ನಡೆಯುತ್ತದೆ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ದ್ರಾವಣ ಇದ್ದರೆ ಹಚ್ಚಬಹುದು. ಮನೆಯಲ್ಲಿ ತೊಳೆಯದೆ ಬಂದವರ ಗಾಯವನ್ನು ಆಸ್ಪತ್ರೆಯಲ್ಲಾದರೂ ತೊಳೆಯಲೇಬೇಕು, ತಡವಾಯಿತೆಂದು ಬಿಡುವಂತಿಲ್ಲ.

ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಅರಿಶಿನ, ಸೀಮೆಎಣ್ಣೆ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ಜೊತೆಗೆ ಕೆರಳಿದ ಮಾಂಸದಲ್ಲಿ ಹೊಸ ನರತುದಿಗಳನ್ನು ವೈರಸ್ಸಿಗೆ ತೆರೆದುಕೊಡುತ್ತವೆ. ಗಾಯವನ್ನು ಸುಡುವುದು, ಹಿಂಡುವುದು, ಬಿಗಿಯಾಗಿ ಕಟ್ಟುವುದು ಕೂಡ ಹೀಗೆಯೇ. ಹೊಲಿಗೆಯ ವಿಷಯದಲ್ಲೂ ಎಚ್ಚರ ಬೇಕು. ಸೂಜಿ ಚುಚ್ಚಿದಷ್ಟೂ ವೈರಸ್ ಒಳಗೆ ಇಳಿಯುತ್ತದೆ. ಕೆನ್ನೆ ಸೀಳಿದಂಥ ದೊಡ್ಡ ಗಾಯಕ್ಕೆ ಹೊಲಿಗೆ ಬೇಕೇಬೇಕು ಎಂದಾದರೂ ಮೊದಲು ಸೀರಮ್ ಕೊಟ್ಟು, ಕೆಲವು ಗಂಟೆ ಬಿಟ್ಟು, ಸಡಿಲವಾಗಿ ಹಾಕಬೇಕು.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ನೋಡುವುದು ಗಾಯದ ದರ್ಜೆ. ಪ್ರಾಣಿಯನ್ನು ಮುಟ್ಟಿದ್ದು, ತಿನ್ನಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೇ ದರ್ಜೆ. ಇದಕ್ಕೆ ತೊಳೆದುಕೊಂಡರೆ ಸಾಕು. ರಕ್ತ ಬಾರದ ತರಚು, ಬರಿಯ ಚರ್ಮವನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದು ಎರಡನೇ ದರ್ಜೆ, ಇದಕ್ಕೆ ಲಸಿಕೆ ಬೇಕು. ಚರ್ಮ ತೂತಾಗಿ ಒಂದೇ ಹನಿ ರಕ್ತ ಬಂದಿದ್ದರೂ, ಮೊದಲೇ ಇದ್ದ ಗಾಯವನ್ನು ನಾಯಿ ನೆಕ್ಕಿದ್ದರೂ, ಜೊಲ್ಲು ಕಣ್ಣಿಗೋ ಬಾಯಿಗೋ ಸಿಡಿದಿದ್ದರೂ ಮೂರನೇ ದರ್ಜೆ. ಇದಕ್ಕೆ ಲಸಿಕೆಯ ಜೊತೆಗೆ ಸೀರಮ್ಮೂ ಬೇಕು. ‘ಸ್ವಲ್ಪ ಪರಚಿದೆ ಅಷ್ಟೆ’ ಎಂದು ಹೇಳಿಕೊಂಡು ಬರುವವರಲ್ಲಿ ಎಷ್ಟೋ ಮಂದಿಯದು ಮೂರನೇ ದರ್ಜೆಯ ಗಾಯ. ಮನೆಯಲ್ಲಿ ತೊಳೆಯುವಾಗ ರಕ್ತ ಬಂತೇ ಎಂಬುದನ್ನು ನೆನಪಿಟ್ಟು ಹೇಳಬೇಕು, ಆಸ್ಪತ್ರೆ ತಲುಪುವ ಹೊತ್ತಿಗೆ ಅದು ಒಣಗಿ ಗೆರೆಯಾಗಿರುತ್ತದೆ.

ಸೀರಮ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಲಸಿಕೆಯ ಸ್ವಭಾವದಲ್ಲೇ ಇದೆ. ಲಸಿಕೆಯಲ್ಲಿರುವುದು ಸತ್ತ ವೈರಸ್. ಅದನ್ನು ಗುರುತಿಸಿ ದೇಹ ತಾನೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಬೇಕು, ಅದಕ್ಕೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಆ ವಾರದಲ್ಲಿ ಗಾಯದಲ್ಲಿರುವ ವೈರಸ್ಸಿಗೆ ಎದುರಾಳಿಯೇ ಇಲ್ಲ. ಕುದುರೆಯ ಅಥವಾ ಮನುಷ್ಯರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯಗಳನ್ನು ಗಾಯಕ್ಕೇ ಚುಚ್ಚಿ ಆ ಖಾಲಿ ವಾರವನ್ನು ತುಂಬುತ್ತಾರೆ. ಇದೇ ಸೀರಮ್, ವೈದ್ಯರ ಚೀಟಿಯಲ್ಲಿ ರೇಬಿಸ್ ಇಮ್ಯುನೋಗ್ಲಾಬ್ಯುಲಿನ್. ಈಚಿನ ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಮೊನೊಕ್ಲೋನಲ್ ಪ್ರತಿಕಾಯಗಳೂ ಭಾರತದಲ್ಲಿ ಸಿಗುತ್ತಿವೆ. ಕೆಲಸ ಅದೇ, ಪ್ರಮಾಣ ಬೇರೆ.

ಒಂದು ಪ್ರಕರಣವನ್ನು ಊಹಿಸಿ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಎಂಟು ವರ್ಷದ ಹುಡುಗಿ, ತೂಕ 20 ಕಿಲೋ. ಸೋಮವಾರ ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಬೀದಿನಾಯಿ ಮೇಲೆರಗಿ ಕೆನ್ನೆಗೆ ಕಚ್ಚಿದೆ, ಅಡ್ಡ ಹಿಡಿದ ಮುಂಗೈಗೂ ಹಲ್ಲು ತಾಗಿದೆ. ಮನೆಯವರು 15 ನಿಮಿಷ ತೊಳೆದು ತಾಲ್ಲೂಕು ಆಸ್ಪತ್ರೆಗೆ ಕರೆತಂದಿದ್ದಾರೆ. ರಕ್ತ ಬಂದಿದೆ, ಮುಖದ ಗಾಯ ಬೇರೆ. ಮೂರನೇ ದರ್ಜೆ ಎನ್ನುವುದರಲ್ಲಿ ಅನುಮಾನವಿಲ್ಲ. ಕುದುರೆ ಸೀರಮ್ಮಿನ ಪ್ರಮಾಣ ಕಿಲೋಗೆ 40 ಯೂನಿಟ್. 20 ಕಿಲೋಗೆ 800 ಯೂನಿಟ್. ಭಾರತದಲ್ಲಿ ಸಿಗುವ ಸೀರಮ್ಮಿನಲ್ಲಿ ಒಂದು ಮಿಲಿಲೀಟರಿಗೆ 300 ಯೂನಿಟ್ ಇರುವುದರಿಂದ ಈ ಹುಡುಗಿಗೆ ಬೇಕಾದದ್ದು ಸುಮಾರು 2.7 ಮಿಲಿಲೀಟರ್. ಮನುಷ್ಯರ ರಕ್ತದಿಂದ ತಯಾರಿಸಿದ ಸೀರಮ್ ಆದರೆ ಕಿಲೋಗೆ 20 ಯೂನಿಟ್ ಸಾಕು, ಬೆಲೆ ಮಾತ್ರ ಬಹಳ ಹೆಚ್ಚು.

ಈ 2.7 ಮಿಲಿಲೀಟರನ್ನು ಎಲ್ಲಿ ಕೊಡುತ್ತಾರೆ ಎಂಬುದೇ ಮುಖ್ಯ. ಕೆನ್ನೆಯ ಪ್ರತಿಯೊಂದು ಹಲ್ಲಿನ ಗುರುತಿನೊಳಗೆ, ಅದರ ಅಂಚಿನಲ್ಲಿ, ಆಮೇಲೆ ಮುಂಗೈ ಗಾಯದಲ್ಲಿ ಸಣ್ಣ ಸೂಜಿಯಿಂದ ಸ್ವಲ್ಪ ಸ್ವಲ್ಪವೇ ತುಂಬಬೇಕು. ನೋವಾಗುತ್ತದೆ, ಮಗು ಅಳುತ್ತದೆ. ಆ ಅಳುವಿಗೆ ಹೆದರಿ ಕೆಲವೊಮ್ಮೆ ಮನೆಯವರೇ ಬೇಡವೆನ್ನುತ್ತಾರೆ. ಸೀರಮ್ ಕೆಲಸ ಮಾಡುವುದು ಗಾಯದಲ್ಲೇ, ತೊಡೆಗೋ ಸೊಂಟಕ್ಕೋ ಕೊಟ್ಟರೆ ಗಾಯಕ್ಕೆ ತಲುಪುವುದು ತೀರ ಕಡಿಮೆ. ಗಾಯಗಳು ಹಲವಾರಿದ್ದು ಲೆಕ್ಕದ ಪ್ರಮಾಣ ಎಲ್ಲಕ್ಕೂ ಸಾಲದಿದ್ದರೆ ಪ್ರಮಾಣ ಹೆಚ್ಚಿಸುವಂತಿಲ್ಲ. ಸಲೈನ್ ಬೆರೆಸಿ ತೆಳುಮಾಡಿ ಎಲ್ಲ ಗಾಯಕ್ಕೂ ಹಂಚುತ್ತಾರೆ. ಬೆರಳ ತುದಿಯಂಥ ಇಕ್ಕಟ್ಟಾದ ಜಾಗದಲ್ಲಿ ಹೆಚ್ಚು ತುಂಬಿದರೆ ರಕ್ತಸಂಚಾರಕ್ಕೆ ತೊಂದರೆ, ಆದ್ದರಿಂದ ಅಲ್ಲಿ ಹಿಡಿಸುವಷ್ಟೇ.

ಸರಿಯಾದ ದಿನಕ್ಕೆ ಲಸಿಕೆ ಹಾಕಿಸಿಕೊಂಡೂ ರೇಬಿಸ್ ಬಂದ ಅಪರೂಪದ ಪ್ರಕರಣಗಳನ್ನು ವೈದ್ಯರು ಹಿಂದಿರುಗಿ ನೋಡಿದಾಗ ಸಾಮಾನ್ಯವಾಗಿ ಸಿಗುವ ಕಾರಣಗಳು ಇವೇ: ತೊಳೆದಿರಲಿಲ್ಲ, ಸೀರಮ್ ಕೊಟ್ಟಿರಲಿಲ್ಲ, ಕೊಟ್ಟರೂ ಯಾವುದೋ ಒಂದು ಸಣ್ಣ ಗಾಯ ಬಿಟ್ಟುಹೋಗಿತ್ತು. ಈ ಹುಡುಗಿಯ ವಿಷಯದಲ್ಲಿ ಜಡೆಯೊಳಗೆ, ಕಿವಿಯ ಹಿಂದೆ ಒಂದು ಉಗುರಿನ ಗೆರೆ ಇರಬಹುದು. ಕೆನ್ನೆಯ ದೊಡ್ಡ ಗಾಯ ನೋಡಿ ಗಾಬರಿಯಾದವರಿಗೆ ಅದು ಕಾಣುವುದಿಲ್ಲ. ಆಸ್ಪತ್ರೆಗೆ ಹೋಗುವ ಮುಂಚೆ ಕೂದಲು ಸರಿಸಿ, ಬಟ್ಟೆ ತೆಗೆದು, ತಲೆಯಿಂದ ಕಾಲಿನವರೆಗೆ ನೋಡಿ ಗಾಯಗಳನ್ನು ಎಣಿಸಿಟ್ಟುಕೊಳ್ಳುವುದು ತಾಯಿತಂದೆಯರು ಮಾಡಬಹುದಾದ ಬಹುದೊಡ್ಡ ಉಪಕಾರ. ಮತ್ತೆ ಸೀರಮ್ ಕೊಟ್ಟ ಮೇಲೆ ಆ ಎಣಿಕೆಯನ್ನು ಒಮ್ಮೆ ತಾಳೆ ನೋಡಬೇಕು.

ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ, ಎಲ್ಲ ದಿನವೂ ಸೀರಮ್ ಇರುತ್ತದೆಂದು ಹೇಳಲಾಗದು. ಇಲ್ಲದಿದ್ದರೆ ಲಸಿಕೆಯ ಮೊದಲ ಡೋಸನ್ನು ಅಲ್ಲೇ ಹಾಕಿಸಿಕೊಂಡು ಸೀರಮ್ ಇರುವ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಅಂದೇ ಹೊರಡಬೇಕು. ಸೀರಮ್ ಸಿಗುವವರೆಗೆ ಲಸಿಕೆ ಕಾಯಿಸುವುದು ತಪ್ಪು, ಲಸಿಕೆ ಆಯಿತಲ್ಲ ಎಂದು ಸೀರಮ್ ಬಿಡುವುದೂ ತಪ್ಪು. ಸೀರಮ್ಮಿಗೆ ಇರುವ ಗಡುವು ಲಸಿಕೆಯ ಮೊದಲ ಡೋಸಿನಿಂದ ಏಳು ದಿನ. ಅಷ್ಟರಲ್ಲಿ ದೇಹದ ಸ್ವಂತ ಪ್ರತಿಕಾಯಗಳು ಹುಟ್ಟತೊಡಗುತ್ತವೆ, ಆಮೇಲೆ ಹೊರಗಿನದನ್ನು ಕೊಟ್ಟರೆ ಅವುಗಳಿಗೇ ಅಡ್ಡಿ. ಕುದುರೆ ಸೀರಮ್ಮಿನಿಂದ ಅಪರೂಪಕ್ಕೆ ಅಲರ್ಜಿ ಆಗಬಹುದಾದ್ದರಿಂದ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳುತ್ತಾರೆ.

ಇನ್ನು ಲಸಿಕೆ. ಹೊಟ್ಟೆಗೆ ಚುಚ್ಚುತ್ತಿದ್ದ ಹತ್ತು ಹದಿನಾಲ್ಕು ಇಂಜೆಕ್ಷನ್ನುಗಳ ನೆನಪು ಹಿರಿಯರಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಲ್ಲಿ ಬೆಳೆಸಿದ ಹಳೆಯ ಲಸಿಕೆ. ಅಡ್ಡಪರಿಣಾಮಗಳ ಕಾರಣಕ್ಕೆ ಭಾರತದಲ್ಲಿ ಅದರ ತಯಾರಿಕೆ 2005ರ ಹೊತ್ತಿಗೆ ನಿಂತುಹೋಯಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ್ದು, ಹೊಟ್ಟೆಯ ಹತ್ತಿರವೂ ಹೋಗುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕೊಡುತ್ತಾರೆ: ಎರಡೂ ತೋಳಿನ ಮೇಲ್ಭಾಗಕ್ಕೆ ತಲಾ 0.1 ಮಿಲಿಲೀಟರ್, ಮೊದಲ ದಿನ, ಮೂರನೇ ದಿನ, ಏಳನೇ ದಿನ ಮತ್ತು ಇಪ್ಪತ್ತೆಂಟನೇ ದಿನ. ಎಣಿಕೆ ಶುರುವಾಗುವುದು ಸೊನ್ನೆಯಿಂದ. ಲಸಿಕೆ ಆರಂಭಿಸಿದ ದಿನವೇ ಸೊನ್ನೆ. ಆ ಹುಡುಗಿಗೆ ಸೋಮವಾರ ಸೊನ್ನೆಯಾದರೆ ಎರಡನೆಯದು ಅದೇ ವಾರದ ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ನಾಲ್ಕು ವಾರ ಕಳೆದ ಸೋಮವಾರ. ಮೊದಲನೆಯದು, ಮೂರನೆಯದು, ನಾಲ್ಕನೆಯದು ಒಂದೇ ವಾರದ ದಿನಕ್ಕೆ ಬೀಳದಿದ್ದರೆ ಚೀಟಿಯ ತಾರೀಕು ತಪ್ಪಿದೆ ಎಂದೇ ತಿಳಿಯಬಹುದು.

ಸರಿಯಾಗಿ ಕೊಟ್ಟಾಗ ಚುಚ್ಚಿದಲ್ಲಿ ಕೂಡಲೇ ಒಂದು ಪುಟ್ಟ ಗುಳ್ಳೆ ಏಳುತ್ತದೆ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಕುಳಿಗಳು ಅದರ ಮೇಲೆ ಕಾಣುತ್ತವೆ. ಗುಳ್ಳೆ ಏಳದಿದ್ದರೆ ಔಷಧ ಚರ್ಮದ ಕೆಳಗೆ ಇಳಿದಿದೆ, ಹತ್ತಿರದಲ್ಲೇ ಇನ್ನೊಮ್ಮೆ ಕೊಡಬೇಕು. ಇಷ್ಟು ಕಡಿಮೆ ಪ್ರಮಾಣ ಸಾಕಾಗುವುದು ಚರ್ಮದಲ್ಲಿ ಕಾವಲು ಕೋಶಗಳು ದಟ್ಟವಾಗಿರುವುದರಿಂದ. ಖಾಸಗಿ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಸ್ನಾಯುವಿಗೆ ಕೊಡುತ್ತಾರೆ, ಅದು ಐದು ಡೋಸು: 0, 3, 7, 14, 28. ತೆರೆದ ಲಸಿಕೆಯ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ರೋಗಿಗಳು ಕಡಿಮೆ ಇರುವ ಕಡೆ ಚರ್ಮದ ವಿಧಾನ ಹೊಂದುವುದಿಲ್ಲ. ಎರಡೂ ವಿಧಾನ ಸಮಾನ. ಸ್ನಾಯುವಿನದು ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಯ ಮುಂಭಾಗಕ್ಕೆ. ಪೃಷ್ಠಕ್ಕೆ ಮಾತ್ರ ಕೊಡಬಾರದು, ಅಲ್ಲಿಯ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗರ್ಭಿಣಿಯರು, ಬಾಣಂತಿಯರು, ಕೂಸುಗಳು ಯಾರಿಗೂ ಲಸಿಕೆಯಾಗಲಿ ಸೀರಮ್ಮಾಗಲಿ ನಿಷಿದ್ಧವಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟಿರಾಯ್ಡ್ ಅಥವಾ ಸಂಧಿವಾತಕ್ಕೆ ಕ್ಲೋರೋಕ್ವಿನ್ ಬಗೆಯ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಒಂದು ಡೋಸು ತಪ್ಪಿದರೆ ಮೊದಲಿಂದ ಶುರುಮಾಡಬೇಕಿಲ್ಲ, ನೆನಪಾದ ದಿನವೇ ಹೋಗಿ ಮುಂದುವರಿಸಬೇಕು. ಕಚ್ಚಿ ವಾರಗಳು ಕಳೆದು ಈಗ ಭಯವಾಗಿ ಬಂದವರಿಗೂ, ಹಿಂದೆ ಏನೂ ಹಾಕಿಸಿರದಿದ್ದರೆ, ನಿನ್ನೆ ಕಚ್ಚಿದಂತೆಯೇ ಭಾವಿಸಿ ಚಿಕಿತ್ಸೆ ಕೊಡುತ್ತಾರೆ. ಧನುರ್ವಾಯುವಿನ ಇಂಜೆಕ್ಷನ್, ಕೀವಾಗದಂತೆ ಆ್ಯಂಟಿಬಯಾಟಿಕ್ ಇವೆಲ್ಲ ಜೊತೆಗೆ ಬರುವವು. ಟಿಟಿ ಹಾಕಿಸಿಕೊಂಡದ್ದನ್ನೇ ರೇಬಿಸ್ ಲಸಿಕೆ ಎಂದುಕೊಂಡು ಮನೆಗೆ ಹೋಗುವವರೂ ಇದ್ದಾರೆ, ಚೀಟಿಯಲ್ಲಿ ಬರೆದದ್ದು ಎಆರ್‌ವಿ ಹೌದೋ ಅಲ್ಲವೋ ನೋಡಿಕೊಳ್ಳಬೇಕು.

‘ಹತ್ತು ದಿನ ನಾಯಿಯನ್ನು ನೋಡಿ’ ಎಂಬ ಮಾತಿನಷ್ಟು ತಪ್ಪಾಗಿ ಅರ್ಥವಾದ ಸಲಹೆ ಇನ್ನೊಂದಿಲ್ಲ. ನಾಯಿಯ ಜೊಲ್ಲಿಗೆ ವೈರಸ್ ಬರುವುದು ಅದಕ್ಕೆ ರೋಗ ಕಾಣಿಸಿಕೊಳ್ಳುವ ಕೆಲವೇ ದಿನ ಮುಂಚೆ, ಕಾಣಿಸಿಕೊಂಡ ಮೇಲೆ ನಾಯಿ ಬೇಗನೆ ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿ ಹತ್ತು ದಿನ ಕಳೆದರೂ ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಹೇಳಬಹುದು. ಇದರ ಉಪಯೋಗ ಉಳಿದ ಡೋಸುಗಳನ್ನು ಕಡಿಮೆ ಮಾಡಬಹುದೇ ಎಂದು ವೈದ್ಯರು ತೀರ್ಮಾನಿಸುವುದಕ್ಕೆ, ಚಿಕಿತ್ಸೆ ಶುರುಮಾಡದೆ ಕಾಯುವುದಕ್ಕಲ್ಲ. ಚಿಕಿತ್ಸೆ ಮೊದಲ ದಿನವೇ ಶುರು, ನಾಯಿಯನ್ನು ನೋಡುವುದು ಅದರ ಜೊತೆಜೊತೆಗೆ. ಈ ಹತ್ತು ದಿನದ ಲೆಕ್ಕ ನಾಯಿ ಮತ್ತು ಬೆಕ್ಕಿಗೆ ಮಾತ್ರ ಸಲ್ಲುತ್ತದೆ. ಗುರುತಿಲ್ಲದ ಬೀದಿನಾಯಿಯಾದರೆ ಅದನ್ನೇ ಹಿಡಿದು ನೋಡುವುದು ಆಗದ ಮಾತು, ಪೂರ್ತಿ ಚಿಕಿತ್ಸೆಯೇ ದಾರಿ. ನಾಯಿಗೆ ಲಸಿಕೆಯಾಗಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಸುಮ್ಮನಾಗುವಂತೆಯೂ ಇಲ್ಲ.

ಮಂಗಕ್ಕೆ ಹತ್ತು ದಿನದ ನಿಯಮವಿಲ್ಲ. ಚಾಮುಂಡಿ ಬೆಟ್ಟದಲ್ಲೋ ಅಂಜನಾದ್ರಿಯಲ್ಲೋ ಕೈಯ ಬಾಳೆಹಣ್ಣು ಕಿತ್ತುಕೊಂಡು ಪರಚಿದ ಮಂಗ ಮರುಕ್ಷಣ ಗುಂಪಿನಲ್ಲಿ ಮಾಯವಾಗುತ್ತದೆ, ಯಾವುದೆಂದು ಗುರುತು ಹಿಡಿಯುವುದೂ ಕಷ್ಟ. ಮಂಗಗಳಲ್ಲಿ ರೇಬಿಸ್ ನಾಯಿಯಲ್ಲಿರುವಷ್ಟು ಸಾಮಾನ್ಯವಲ್ಲ, ಆದರೆ ನಾಯಿ ಕಚ್ಚಿದ ಮಂಗಕ್ಕೆ ರೋಗ ಬರುತ್ತದೆ. ಅದಕ್ಕೇ ಮಂಗದ ಗಾಯಕ್ಕೂ ದರ್ಜೆ ನೋಡಿ ಅದೇ ಚಿಕಿತ್ಸೆ, ಪೂರ್ತಿಯಾಗಿ. ಮಂಗದ ಕೋರೆಹಲ್ಲು ಆಳಕ್ಕೆ ಇಳಿಯುವುದರಿಂದ ಹೊರಗೆ ಚಿಕ್ಕದಾಗಿ ಕಾಣುವ ಗಾಯ ಒಳಗೆ ದೊಡ್ಡದಿರಬಹುದು, ಕೀವಾಗುವುದೂ ಹೆಚ್ಚು. ಕೆಂಪುಮುಖದ ಮಂಗಗಳ ಜಾತಿಯಲ್ಲಿ ಬಿ ವೈರಸ್ ಎಂಬ ಇನ್ನೊಂದು ಸೋಂಕು ಇರಬಲ್ಲದು. ಮನುಷ್ಯರಿಗೆ ಅದು ಬಂದದ್ದು ಬಹಳ ವಿರಳ, ಬಂದವರಲ್ಲಿ ಹೆಚ್ಚಿನವರು ಪ್ರಯೋಗಾಲಯದ ಮಂಗಗಳೊಂದಿಗೆ ಕೆಲಸ ಮಾಡುವವರು. ಆದರೂ ಕಚ್ಚಿದ ಒಂದು ತಿಂಗಳೊಳಗೆ ಗಾಯದ ಸುತ್ತ ನೀರುಗುಳ್ಳೆ, ಜೋಮು, ಜ್ವರ ಕಂಡರೆ ಮಂಗ ಕಚ್ಚಿದ ವಿಷಯವನ್ನು ವೈದ್ಯರಿಗೆ ಹೇಳಬೇಕು. ಮಲೆನಾಡಿನ ಮಂಗನ ಕಾಯಿಲೆಗೂ ಮಂಗ ಕಚ್ಚುವುದಕ್ಕೂ ಸಂಬಂಧವಿಲ್ಲ, ಅದು ಉಣುಗಿನಿಂದ ಬರುವುದು.

ಬಾವಲಿಯ ವಿಷಯದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಉತ್ತರ ಬದಲಾಗಬಹುದು. ಅಮೆರಿಕದಲ್ಲಿ ರೇಬಿಸ್ ಸಾವುಗಳಿಗೆ ಬಾವಲಿಯೇ ಮುಖ್ಯ ಕಾರಣ. ಭಾರತದಲ್ಲಿ ಬಹುಪಾಲು ನಾಯಿಯಿಂದ ಬರುತ್ತದೆ, ಬಾವಲಿಯಿಂದ ಮನುಷ್ಯರಿಗೆ ಬಂದದ್ದು ಖಚಿತವಾಗಿ ಸಾಬೀತಾಗಿಲ್ಲ. ಹಾಗಾಗಿ ಇಲ್ಲಿ ಬಾವಲಿಗೆ ಇಂಜೆಕ್ಷನ್ ಬೇಕಿಲ್ಲ ಎಂಬ ಅಭಿಪ್ರಾಯ ಬಹುಕಾಲ ಇತ್ತು. ಆದರೆ ಶ್ರೀಲಂಕಾದಲ್ಲಿ ಸತ್ತ ಬಾವಲಿಗಳ ಮಿದುಳಿನಲ್ಲಿ ರೇಬಿಸ್ಸಿನ ಹತ್ತಿರದ ಬಂಧುವಾದ ಒಂದು ವೈರಸ್ ಸಿಕ್ಕಿತು, ಅದಕ್ಕೆ ಗನ್ನೊರುವ ಬಾವಲಿ ಲಿಸ್ಸಾವೈರಸ್ ಎಂದು ಹೆಸರಿಟ್ಟರು. ಅದು ಸಿಕ್ಕಿದ್ದು ನಮ್ಮ ಊರಿನ ಆಲದ ಮರಗಳಲ್ಲಿ ತಲೆಕೆಳಗಾಗಿ ತೂಗುವ ಅದೇ ದೊಡ್ಡ ಹಣ್ಣುಬಾವಲಿಯ ಜಾತಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಬಾವಲಿಯೊಂದಿಗಿನ ನೇರ ಸಂಪರ್ಕವನ್ನು ಮೂರನೇ ದರ್ಜೆಗೆ ಸೇರಿಸಿದೆ. ಇಷ್ಟು ತಿಳಿದ ಮೇಲೆ ಕಚ್ಚಿದ ಅಥವಾ ಪರಚಿದ ಬಾವಲಿಯನ್ನು ಹಗುರವಾಗಿ ಕಾಣುವುದಕ್ಕಿಂತ ತೊಳೆದು ವೈದ್ಯರ ಬಳಿ ಹೋಗುವುದೇ ಜಾಣತನ. ಚಿಕ್ಕ ಬಾವಲಿಗಳ ಹಲ್ಲು ಸೂಜಿಯಷ್ಟು ಸಣ್ಣದು, ಕಚ್ಚಿದ ಗುರುತೇ ಕಾಣದಿರಬಹುದು. ಮಲಗಿದ್ದ ಮಗುವಿನ ಹಾಸಿಗೆಯ ಮೇಲೆ ಬಾವಲಿ ಸಿಕ್ಕಿದರೆ ಗಾಯ ಕಾಣದಿದ್ದರೂ ತೋರಿಸಬೇಕು. ಸಂಜೆ ಮನೆಯೊಳಗೆ ಹಾರಿ ಹೊರಗೆ ಹೋದದ್ದಕ್ಕೆ, ಹಿಕ್ಕೆ ಬಿದ್ದದ್ದಕ್ಕೆ ರೇಬಿಸ್ ಭಯ ಬೇಡ. ಅಂಗಳದಲ್ಲಿ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬಾರದು.

ಒಮ್ಮೆ ಪೂರ್ತಿ ಚಿಕಿತ್ಸೆ ಪಡೆದವರಿಗೆ ಮತ್ತೆ ನಾಯಿ ಕಚ್ಚಿದರೆ ಕೆಲಸ ಹಗುರ. ದೇಹಕ್ಕೆ ವೈರಸ್ಸಿನ ಗುರುತು ನೆನಪಿರುತ್ತದೆ, ಅದನ್ನು ಎಬ್ಬಿಸಲು ಸೊನ್ನೆಯ ದಿನ ಒಂದು, ಮೂರನೇ ದಿನ ಒಂದು ಡೋಸು ಸಾಕು, ಸೀರಮ್ ಬೇಕಿಲ್ಲ. ತೊಳೆಯುವುದು ಮಾತ್ರ ಅಷ್ಟೇ ಹೊತ್ತು. ಆದರೆ ಹಿಂದಿನ ಚಿಕಿತ್ಸೆ ಪೂರ್ತಿಯಾಗಿತ್ತು ಎಂಬುದಕ್ಕೆ ಆಸ್ಪತ್ರೆಗೆ ಕಾಗದ ಬೇಕು. ಅದಿಲ್ಲದಿದ್ದರೆ ಹೊಸಬರಂತೆ ಎಲ್ಲವನ್ನೂ ಮೊದಲಿನಿಂದ, ಸೀರಮ್ ಸಮೇತ ಕೊಡುತ್ತಾರೆ. ಆದ್ದರಿಂದ ಲಸಿಕೆಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ಮೂಲಪ್ರತಿಯನ್ನು ಮಕ್ಕಳ ತಾಯಿ ಕಾರ್ಡಿನ ಜೊತೆಗೇ ಇಡುವುದು ಒಳ್ಳೆಯದು.